ಕೆಲಸ ಬಿಡ್ತಾ ಇದೀನಿ, ಹ್ಯಾಂಡೋವರ್ ಮೇಲ್ ಡ್ರಾಫ್ಟ್ ಹಾಕಿದೀನಿ. ಏನು ಬಿಟ್ಟಿದೀನಿ ನೋಡಿ ಹೇಳ್ತೀರಾ?

ಗುಬ್ಬಿಹೆಜ್ಜೆ

ಎಲ್ಲರಿಗೂ ನಮಸ್ಕಾರ. ವೆಂಡರ್ ಪೇಮೆಂಟ್ ನೋಡ್ಕೊಳ್ಳೋ ಕೆಲಸ ನನ್ನದು. ಬಿಲ್ ಬಂದರೆ ಪಿಒ ಜೊತೆ, ಸ್ಟೋರ್ಸ್‌ನವರ ರಸೀದಿ ಜೊತೆ ತಾಳೆ ನೋಡಿ ಎಂಟ್ರಿ ಹಾಕೋದು, ವಾರಕ್ಕೊಮ್ಮೆ ಪೇಮೆಂಟ್ ಪಟ್ಟಿ ಮಾಡಿ ಅಪ್ರೂವಲ್‌ಗೆ ಕಳಿಸೋದು, ತಿಂಗಳ ಕೊನೆಗೆ ವೆಂಡರ್ ಸ್ಟೇಟ್‌ಮೆಂಟ್ ಜೊತೆ ನಮ್ಮ ಲೆಕ್ಕ ಹೊಂದಿಸೋದು. ಮುಂದಿನ ಶುಕ್ರವಾರ ನನ್ನ ಕೊನೇ ದಿನ. ನನ್ನ ಜಾಗಕ್ಕೆ ಬರ್ತಿರೋರು ಪಕ್ಕದ ಟೀಮ್‌ನವರೇ. ಲೆಕ್ಕಪತ್ರ ಗೊತ್ತು, ಆದರೆ ಈ ವೆಂಡರ್‌ಗಳು ಗೊತ್ತಿಲ್ಲ.

ಡ್ರಾಫ್ಟ್ ಇದು. ಹೆಸರು, ನಂಬರ್ ತೆಗೆದಿದೀನಿ.

> ವಿಷಯ: ಹ್ಯಾಂಡೋವರ್
>
> ಎಲ್ಲರಿಗೂ ನಮಸ್ಕಾರ. ಶುಕ್ರವಾರ ನನ್ನ ಕೊನೆಯ ದಿನ. ನಾನು ನೋಡಿಕೊಳ್ಳುತ್ತಿದ್ದ ಕೆಲಸಗಳು: ಬಿಲ್ ಎಂಟ್ರಿ, ವಾರದ ಪೇಮೆಂಟ್, ತಿಂಗಳ ಕೊನೆಯ ವೆಂಡರ್ ಲೆಕ್ಕ ಹೊಂದಾಣಿಕೆ.
>
> ಬಾಕಿ ಇರುವುದು:
> 1. ಪ್ಯಾಕಿಂಗ್ ಬಾಕ್ಸ್ ಸಪ್ಲೈಯರ್ ಬಿಲ್ ಹೋಲ್ಡ್‌ನಲ್ಲಿದೆ, ಫಾಲೋ ಅಪ್ ಮಾಡಬೇಕು.
> 2. ಸಾಗಣೆ ವೆಂಡರ್‌ನ ಬ್ಯಾಂಕ್ ಖಾತೆ ಬದಲಾವಣೆ, ಸಿಸ್ಟಮ್‌ನಲ್ಲಿ ಅಪ್‌ಡೇಟ್ ಮಾಡಬೇಕು.
> 3. ಪ್ರಿಂಟರ್ ಬಾಡಿಗೆ ಒಪ್ಪಂದದ ರಿನ್ಯೂವಲ್ ಚರ್ಚೆಯಲ್ಲಿದೆ.
>
> ಸಂಪರ್ಕಗಳು ಮತ್ತು ಉಳಿದ ವಿವರ `Vendor_List_final_new.xlsx` ನಲ್ಲಿವೆ. ಫೈಲ್ ನನ್ನ ಡ್ರೈವ್‌ನಲ್ಲಿದೆ, ಲಿಂಕ್ ಕೆಳಗಿದೆ.
>
> ಸಂದೇಹವಿದ್ದರೆ ಕೇಳಿ. ಧನ್ಯವಾದ.

ಚಿಕ್ಕದಾಗಿ, ಚೊಕ್ಕವಾಗಿ ಇರಲಿ ಅಂತ ಹೀಗೆ ಬರೆದೆ. ಸಾಕಾ?

ಮಾತಿನಮಲ್ಲಿ

ತುಂಬಾ ಒಣ ಒಣ ಆಯ್ತು ಕಣ್ರೀ! ಇಷ್ಟು ದಿನ ಜೊತೆಗಿದ್ದವರಿಗೆ ಎರಡು ಒಳ್ಳೆ ಮಾತಾದ್ರೂ ಬೇಡ್ವಾ? ಕಲಿಸಿಕೊಟ್ಟವರ ಹೆಸರು ಹೇಳಿ, ಟೀಮ್ ಫೋಟೋ ಒಂದು ಹಾಕಿ, ಕೊನೇಲಿ ನಿಮ್ಮ ಪರ್ಸನಲ್ ಐಡಿ ಕೊಡಿ. ಜನ ನೆನಪಿಟ್ಕೊಳ್ಳೋದು ಅದನ್ನೇ.

ಗುಬ್ಬಿಹೆಜ್ಜೆ

ಮೇಡಂ, ಅದು ಬೀಳ್ಕೊಡುಗೆ ಮೇಲ್, ಬೇರೆ ಬರೀತೀನಿ. ಇದು ಕೆಲಸ ಒಪ್ಪಿಸೋ ಮೇಲ್.

ಮಾತಿನಮಲ್ಲಿ

ಓ! ಸರಿ ಸರಿ, ಹೆಡ್ಡಿಂಗ್ ಸರಿಯಾಗಿ ಓದಲಿಲ್ಲ. ಹಾಗಾದ್ರೆ ಫೋಟೋ ಬೇಡ 😄

ಹಳೇಫೈಲು

ನಾನು ಅಕೌಂಟ್ಸ್‌ನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಬೇರೆಲ್ಲ ಆಮೇಲೆ ನೋಡೋಣ, ಮೊದಲು ನಿಮ್ಮ ಎರಡನೇ ಸಾಲು. "ಬ್ಯಾಂಕ್ ಖಾತೆ ಬದಲಾವಣೆ, ಅಪ್‌ಡೇಟ್ ಮಾಡಬೇಕು." ಇದನ್ನ ಓದಿದ ಹೊಸಬರಿಗೆ ಅರ್ಥವಾಗೋದು ಒಂದೇ: ಹಿಂದಿನವರು ಎಲ್ಲಾ ನೋಡಿ ಮುಗಿಸಿದ್ದಾರೆ, ಟೈಪ್ ಮಾಡೋದು ಮಾತ್ರ ಉಳಿದಿದೆ. ಅವರು ಮೊದಲ ದಿನವೇ ಹೊಸ ಖಾತೆ ಹಾಕಿಬಿಡ್ತಾರೆ. ಕೆಲಸ ಬೇಗ ಮಾಡಿದರು ಅನ್ನೋ ಹೆಸರೂ ಬರುತ್ತೆ.

ನನ್ನ ಪ್ರಶ್ನೆ ಇಷ್ಟೇ. ಆ ಕೋರಿಕೆ ಹೇಗೆ ಬಂತು? ಅದು ನಿಜವಾಗಿ ಆ ವೆಂಡರ್‌ನದ್ದೇ ಅಂತ ಯಾರು, ಯಾವಾಗ, ಹೇಗೆ ಖಚಿತ ಮಾಡಿಕೊಂಡರು?

ಗುಬ್ಬಿಹೆಜ್ಜೆ

9ನೇ ತಾರೀಖು ಮೇಲ್‌ನಲ್ಲಿ ಬಂತು ಸರ್. ಅವರು ಯಾವಾಗಲೂ ಬರೆಯೋ ಐಡಿಯಿಂದಲೇ. ಲೆಟರ್‌ಹೆಡ್‌ನಲ್ಲಿ ಸಹಿ ಮಾಡಿದ ಪತ್ರ, ರದ್ದು ಮಾಡಿದ ಚೆಕ್ ಎರಡೂ ಜೊತೆಗಿದೆ. ಫೋನ್ ಮಾಡಿ ಕೇಳಿಲ್ಲ. ಅವರಿಗೆ ಮುಂದಿನ ಪೇಮೆಂಟ್ 21ಕ್ಕೆ. ಕೊನೇ ವಾರದ ಗಡಿಬಿಡಿಯಲ್ಲಿ ಹೊಸಬರು ಮಾಡಲಿ ಅಂತ ಪಟ್ಟಿಗೆ ಹಾಕಿದೆ.

ಹಳೇಫೈಲು

ಅಂದರೆ ಪರಿಶೀಲನೆ ಆಗಿಲ್ಲ. ಅದೇ ಮಾತನ್ನ ಮೇಲ್‌ನಲ್ಲಿ ಮೊದಲ ಪದವಾಗಿ ಬರೆಯಬೇಕು.

ಯಾವಾಗಲೂ ಬರೆಯೋ ಐಡಿಯಿಂದ ಬಂದಿದೆ ಅಂದರೆ ಆ ಮೇಲ್‌ಬಾಕ್ಸ್‌ನಿಂದ ಬಂದಿದೆ ಅಂತ ಅಷ್ಟೇ. ವಂಚಕರು ವೆಂಡರ್‌ನ ಮೇಲ್‌ಬಾಕ್ಸ್‌ಗೇ ಕನ್ನ ಹಾಕಿ, ಹಳೇ ಮಾತುಕತೆ ಓದಿಕೊಂಡು, ಅದೇ ಥ್ರೆಡ್‌ನಲ್ಲಿ "ಇನ್ನು ಮುಂದೆ ಈ ಖಾತೆಗೆ ಹಾಕಿ" ಅಂತ ಬರೆಯೋದು ಎಲ್ಲ ಕಡೆ ನಡೆಯೋ ಮೋಸ. ಕೆಲವೊಮ್ಮೆ ಐಡಿಯಲ್ಲಿ ಒಂದು ಅಕ್ಷರ ಮಾತ್ರ ಬೇರೆ ಇರುತ್ತೆ, m ಇರೋ ಕಡೆ r ಮತ್ತು n ಪಕ್ಕ ಪಕ್ಕ ಕೂತಿರುತ್ತೆ, ಕಣ್ಣಿಗೆ ಬೀಳಲ್ಲ. ಲೆಟರ್‌ಹೆಡ್, ಚೆಕ್ಕಿನ ಚಿತ್ರ ಎರಡನ್ನೂ ಕಂಪ್ಯೂಟರ್ ಮುಂದೆ ಕೂತು ತಯಾರಿಸಬಹುದು.

ಮಾಡಬೇಕಾದ್ದು ಇದು. ವೆಂಡರ್‌ಗೆ ಫೋನ್ ಮಾಡಿ, ಆದರೆ ಆ ಮೇಲ್‌ನಲ್ಲಿ ಕೊಟ್ಟಿರೋ ನಂಬರ್‌ಗಲ್ಲ. ಖಾತೆ ಬದಲಾವಣೆ ಮಾತು ಬರೋ ಮೊದಲೇ ನಿಮ್ಮ ಸಿಸ್ಟಮ್‌ನಲ್ಲಿ ಇದ್ದ ನಂಬರ್‌ಗೆ, ಇಲ್ಲವೇ ಹಳೇ ಒಪ್ಪಂದದಲ್ಲಿರೋ ನಂಬರ್‌ಗೆ. ಹೊಸ ಖಾತೆ ನಂಬರ್ ನೀವು ಓದಿ "ಇದೇನಾ?" ಅಂತ ಕೇಳಬೇಡಿ, ಅವರ ಬಾಯಲ್ಲೇ ಹೇಳಿಸಿ. ಆಮೇಲೆ ಸಿಸ್ಟಮ್‌ಗೆ ಒಬ್ಬರು ಹಾಕಲಿ, ಇನ್ನೊಬ್ಬರು ನೋಡಿ ಒಪ್ಪಲಿ.

ಕೊನೇ ದಿನದೊಳಗೆ ಇದನ್ನ ಮುಗಿಸೋಕೆ ಆಗಲ್ವಾ? ಪರವಾಗಿಲ್ಲ, ಮುಗಿದಿಲ್ಲ ಅಂತ ಹೀಗೆ ಬರೆಯಿರಿ:

> ಸಾಗಣೆ ವೆಂಡರ್ ಬ್ಯಾಂಕ್ ಖಾತೆ: ಪರಿಶೀಲನೆ ಆಗಿಲ್ಲ. ಕೋರಿಕೆ 9ನೇ ತಾರೀಖು ಮೇಲ್‌ನಲ್ಲಿ ಬಂದಿದೆ. ಫೋನ್‌ನಲ್ಲಿ ಯಾರೂ ಖಚಿತಪಡಿಸಿಕೊಂಡಿಲ್ಲ. ಸಿಸ್ಟಮ್‌ನಲ್ಲಿ ಈಗ ಇರುವುದು ಹಳೆಯ ಖಾತೆ. ವೆಂಡರ್ ಮಾಸ್ಟರ್‌ನಲ್ಲಿರುವ ಹಳೆಯ ನಂಬರ್‌ಗೆ ಕರೆ ಮಾಡಿ ಖಚಿತವಾಗುವವರೆಗೆ ಬದಲಾಯಿಸಬೇಡಿ. ಈ ವೆಂಡರ್‌ಗೆ ಮುಂದಿನ ಪೇಮೆಂಟ್ 21ಕ್ಕೆ ಬರುತ್ತದೆ.

ಕೊನೇ ವಾಕ್ಯ ಬಿಡಬೇಡಿ. ಎಷ್ಟು ಸಮಯ ಇದೆ ಅಂತ ಗೊತ್ತಿದ್ದರೆ ಹೊಸಬರು ಗಾಬರಿಯಲ್ಲಿ ಏನೋ ಮಾಡಲ್ಲ.

ನಾಳೆನೋಡೋಣ

ಇಷ್ಟೆಲ್ಲ ಕಾದಂಬರಿ ಬರೆಯೋ ಅಗತ್ಯ ಇಲ್ಲ ಗುರೂ. ಹ್ಯಾಂಡೋವರ್ ಮೇಲ್ ಯಾರೂ ಪೂರ್ತಿ ಓದಲ್ಲ. ಹೊಸಬರಿಗೆ ಬೇಕಾಗೋದು ಹಳೇ ಮೇಲ್ ಥ್ರೆಡ್‌ಗಳು, ಎಲ್ಲಾ ಕಥೆ ಅಲ್ಲೇ ಇರುತ್ತೆ. ನಿಮ್ಮ ಮೇಲ್‌ಬಾಕ್ಸ್ ಪಾಸ್‌ವರ್ಡ್ ಶೀಟ್‌ನಲ್ಲಿ ಬರೆದಿಟ್ಟು ಹೋಗಿ, ಬೇಕಾದ್ದು ಹುಡುಕಿಕೊಳ್ತಾರೆ. ನಮ್ಮಲ್ಲಿ ಹಾಗೇ ಮಾಡೋದು, ಯಾವತ್ತೂ ತೊಂದರೆ ಆಗಿಲ್ಲ.

ಸರ್ವರ್‌ರೂಮ್

ಅಯ್ಯೋ ಬೇಡ. ಐಟಿಯಲ್ಲಿ ಇರೋನು ನಾನು, ಈ ಶೀಟ್‌ಗಳನ್ನ ಕಂಡು ಕಂಡು ಸಾಕಾಗಿದೆ. ನಿಮ್ಮ ಹೆಸರಲ್ಲಿ ಇನ್ನೊಬ್ಬರು ಲಾಗಿನ್ ಆದ್ರೆ, ನೀವು ಹೋದಮೇಲೆ ನಡೆದ ಅಪ್ರೂವಲ್ ಕೂಡ ನಿಮ್ಮ ಹೆಸರಲ್ಲೇ ದಾಖಲಾಗುತ್ತೆ. ಪೇಮೆಂಟ್ ಕೆಲಸದಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ?

ಹಳೇ ಥ್ರೆಡ್ ಬೇಕು ಅನ್ನೋದು ಸರಿ, ಒಪ್ತೀನಿ. ಅದಕ್ಕೆ ಪಾಸ್‌ವರ್ಡ್ ಬೇಕಾಗಿಲ್ಲ. ಮೈಕ್ರೋಸಾಫ್ಟ್ 365 ಇದ್ದರೆ ನಿಮ್ಮ ಮೇಲ್‌ಬಾಕ್ಸನ್ನ ಐಟಿಯವರು ಶೇರ್ಡ್ ಮೇಲ್‌ಬಾಕ್ಸ್ ಮಾಡಿ ಹೊಸಬರಿಗೆ ಓದೋ ಅನುಮತಿ ಕೊಡಬಹುದು. 50 ಜಿಬಿವರೆಗೆ ಅದಕ್ಕೆ ಬೇರೆ ಲೈಸೆನ್ಸೂ ಬೇಡ. ಬಿಡೋರು ಕೇಳಬೇಕು ಅಷ್ಟೇ, ಅದೂ ಖಾತೆ ಅಳಿಸೋ ಮೊದಲು.

ನಿಮ್ಮ ಡ್ರಾಫ್ಟ್‌ನಲ್ಲಿ ನನಗೆ ಕಣ್ಣು ಕುಕ್ಕಿದ್ದು "ಫೈಲ್ ನನ್ನ ಡ್ರೈವ್‌ನಲ್ಲಿದೆ" ಅನ್ನೋದು. ನೀವು ಹೋದಮೇಲೆ ಆ ಡ್ರೈವ್ ಉಳಿಯೋದಿಲ್ಲ. ಒನ್‌ಡ್ರೈವ್ ಆದ್ರೆ ಖಾತೆ ಅಳಿಸಿದ ಮೇಲೆ ಡೀಫಾಲ್ಟ್ ಆಗಿ 30 ದಿನ ಇರುತ್ತೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಖಾತೆಯನ್ನ ವಾಪಸ್ ತರೋಕೆ 20 ದಿನ ಮಾತ್ರ. ಲಿಂಕ್ ಮೊದಲ ವಾರ ಚೆನ್ನಾಗೇ ಕೆಲಸ ಮಾಡುತ್ತೆ, ತಿಂಗಳು ಕಳೆದು ಸ್ಟೇಟ್‌ಮೆಂಟ್ ಹೊಂದಿಸೋಕೆ ಕೂತಾಗ ತೆರೆಯಲ್ಲ. ಆ ಹೊತ್ತಿಗೆ ನಿಮ್ಮನ್ನ ಯಾರೂ ಹುಡುಕೋಕಾಗಲ್ಲ. ಟೀಮ್ ಫೋಲ್ಡರ್‌ಗೆ ಈಗಲೇ ಸರಿಸಿ, ಸರಿಸಿದ ಮೇಲೆ ಹೊಸ ಲಿಂಕ್ ಹಾಕಿ. ಆಮೇಲೆ ಹೊಸಬರ ಕಂಪ್ಯೂಟರ್‌ನಲ್ಲಿ, ಅವರ ಲಾಗಿನ್‌ನಲ್ಲಿ ಆ ಲಿಂಕ್ ಒತ್ತಿಸಿ ನೋಡಿ. ನಿಮ್ಮದರಲ್ಲಿ ತೆರೆದರೆ ಏನೂ ಸಾಬೀತಾಗಲ್ಲ.

ಇನ್ನೊಂದು, ನಿಮ್ಮ ಹೆಸರಲ್ಲಿ ತಾನಾಗೇ ಓಡೋದು ಏನಾದ್ರೂ ಇದೆಯಾ? ವೆಂಡರ್‌ಗಳಿಗೆ ರಿಮೈಂಡರ್ ಮೇಲ್, ಶೀಟ್‌ನಿಂದ ರಿಪೋರ್ಟ್, ಅಂಥದ್ದು.

ಗುಬ್ಬಿಹೆಜ್ಜೆ

ಇದೆ! ಸೋಮವಾರ ಬೆಳಗ್ಗೆ ಡ್ಯೂ ಆಗೋ ಬಿಲ್‌ಗಳ ಪಟ್ಟಿ ಮ್ಯಾನೇಜರ್‌ಗೆ ತಾನಾಗೇ ಹೋಗುತ್ತೆ. ಹಿಂದೆ ಯಾವಾಗಲೋ ನಾನೇ ಒಂದು ಫ್ಲೋ ಮಾಡಿಟ್ಟಿದ್ದೆ. ಅದು ಕೆಲಸ ಅನ್ನೋದೇ ಮರೆತುಹೋಗಿದೆ, ಪಟ್ಟಿಗೇ ಬರಲಿಲ್ಲ. ಪೇಮೆಂಟ್ ಮೀಟಿಂಗ್ ಕೂಡ ನನ್ನ ಕ್ಯಾಲೆಂಡರ್‌ನಿಂದ ಕಳಿಸಿದ್ದು.

ಸರ್ವರ್‌ರೂಮ್

ನೋಡಿ, ಇದೇ. ಫ್ಲೋ ನಿಮ್ಮ ಲಾಗಿನ್ ಹಿಡಿದುಕೊಂಡು ಓಡ್ತಿದೆ. ಖಾತೆ ಮುಚ್ಚಿದ ಮೇಲೆ ಒಂದು ಸೋಮವಾರ ಪಟ್ಟಿ ಹೋಗಲ್ಲ. ಫ್ಲೋ ಕೆಟ್ಟಿದೆ ಅನ್ನೋ ಎಚ್ಚರಿಕೆ ಮೇಲ್ ಯಾರಿಗೆ ಹೋಗುತ್ತೆ? ನಿಮಗೇ. ಪಟ್ಟಿ ಬರದಿದ್ದರೆ ಮ್ಯಾನೇಜರ್ ಅಂದುಕೊಳ್ಳೋದು ಈ ವಾರ ಡ್ಯೂ ಏನೂ ಇಲ್ಲ ಅಂತ. ಹೊಸಬರನ್ನ ಸಹಮಾಲೀಕರಾಗಿ ಸೇರಿಸಿ, ಅದರಲ್ಲಿರೋ ಕನೆಕ್ಷನ್‌ಗಳನ್ನ ಅವರ ಲಾಗಿನ್‌ಗೆ ಬದಲಿಸಿ. ಸೇರಿಸೋದೊಂದೇ ಸಾಲದು, ಕನೆಕ್ಷನ್ ನಿಮ್ಮದೇ ಉಳಿದರೆ ನಿಂತೇ ನಿಲ್ಲುತ್ತೆ. ಗೂಗಲ್ ಶೀಟ್‌ನ ಸ್ಕ್ರಿಪ್ಟ್ ಆದ್ರೂ ಇದೇ ಕಥೆ. ಟ್ರಿಗರ್ ಯಾರು ಇಟ್ಟಿದ್ದಾರೋ ಅವರ ಖಾತೆಯಲ್ಲೇ ಓಡೋದು, ಹೊಸಬರು ತಮ್ಮ ಲಾಗಿನ್‌ನಲ್ಲಿ ಹೊಸದಾಗಿ ಇಡಬೇಕು.

ಮೀಟಿಂಗ್‌ನ ವಿಚಾರ ಸುಲಭ. ಔಟ್‌ಲುಕ್‌ನಲ್ಲಾದ್ರೆ ನೀವು ಇರೋವಾಗಲೇ ಸರಣಿ ರದ್ದು ಮಾಡಿ, ಹೊಸಬರು ತಮ್ಮ ಹೆಸರಲ್ಲಿ ಕಳಿಸಲಿ. ಬಿಟ್ಟು ಹೋದ್ರೆ ಎಲ್ಲರ ಕ್ಯಾಲೆಂಡರ್‌ನಲ್ಲಿ ದಿಕ್ಕಿಲ್ಲದೆ ಉಳಿಯುತ್ತೆ, ಸಮಯ ಬದಲಿಸೋಕೂ ಬರಲ್ಲ. ಮರೆತೇಹೋದ್ರೆ ಖಾತೆ ಅಳಿಸೋ ಮೊದಲು ಐಟಿಯವರು ಇದನ್ನ ಓಡಿಸಬಹುದು:

```
Remove-CalendarEvents -Identity user@example.com -CancelOrganizedMeetings -QueryWindowInDays 120
```

ಇದು ಅವರು ಕರೆದ ಮುಂದಿನ 120 ದಿನದ ಎಲ್ಲ ಮೀಟಿಂಗನ್ನೂ ರದ್ದು ಮಾಡುತ್ತೆ, ಹಾಗಾಗಿ ಮೊದಲು `-PreviewOnly` ಸೇರಿಸಿ ಏನೇನು ಹೋಗುತ್ತೆ ಅಂತ ನೋಡಿಕೊಳ್ಳಲಿ.

ನಾಳೆನೋಡೋಣ

ಪಾಸ್‌ವರ್ಡ್ ಮಾತು ವಾಪಸ್ ತಗೊಂಡೆ ಸ್ವಾಮಿ. ಆದ್ರೆ ಉದ್ದ ಮೇಲ್ ಯಾರೂ ಓದಲ್ಲ ಅನ್ನೋದು ಮಾತ್ರ ಹಾಗೇ ನಿಲ್ಲುತ್ತೆ.

ಬಿಸಿಲುಕುದುರೆ

ನಾನು ಆಚೆ ಕಡೆ ಕೂತವಳು, ಅಂದ್ರೆ ಹ್ಯಾಂಡೋವರ್ ಮೇಲ್ ಹಿಡಿದುಕೊಂಡು ಹೊಸ ಸೀಟಿಗೆ ಬಂದವಳು. ನಿಮ್ಮ ಮೂರನೇ ಸಾಲು ಓದಿ ಹೊಟ್ಟೆ ಉರಿದುಹೋಯ್ತು. "ರಿನ್ಯೂವಲ್ ಚರ್ಚೆಯಲ್ಲಿದೆ." ನನಗೆ ಬಂದ ಮೇಲ್‌ನಲ್ಲೂ ಇಂಥದ್ದೇ ಒಂದು ಸಾಲು ಇತ್ತು, ಒಂದು ಸಾಫ್ಟ್‌ವೇರ್ ಒಪ್ಪಂದದ್ದು. ಚರ್ಚೆ ನಡೀತಿದೆ ಅಂದಮೇಲೆ ಅವರೇ ಫೋನ್ ಮಾಡ್ತಾರೆ ಅಂತ ಕಾದೆ. ಅವರು ಯಾಕೆ ಮಾಡ್ತಾರೆ? ಒಪ್ಪಂದದ ಒಳಗೆ ಒಂದು ಷರತ್ತು ಇತ್ತು: ಮುಗಿಯೋ 60 ದಿನ ಮೊದಲು ಬೇಡ ಅಂತ ಬರೆದುಕೊಡದಿದ್ರೆ ಇನ್ನೊಂದು ವರ್ಷಕ್ಕೆ ತಾನಾಗೇ ಮುಂದುವರಿಯುತ್ತೆ ಅಂತ. ನಾನು ಆ ಪಿಡಿಎಫ್ ತೆರೆದಾಗ ಆ ದಿನ ದಾಟಿತ್ತು. ಯಾರೂ ಬಳಸದ ಸಾಫ್ಟ್‌ವೇರ್‌ಗೆ ವರ್ಷ ಪೂರ್ತಿ ಬಿಲ್ ಎಂಟ್ರಿ ಹಾಕಿದ್ದು ನಾನೇ.

ಮುಗಿಯೋ ತಾರೀಖು ಬರೆದರೆ ಸಾಲದು. ಬೇಡ ಅಂತ ಹೇಳೋಕೆ ಕೊನೇ ತಾರೀಖು ಯಾವುದು, ಯಾರು ಹೇಳಬೇಕು, ಮೇಲ್ ಸಾಕಾ ಅಥವಾ ಸಹಿ ಮಾಡಿದ ಪತ್ರ ಬೇಕಾ, ಇಷ್ಟು ಬರೀರಿ.

ಅಂದಹಾಗೆ ಸಂಪರ್ಕದ ಪಟ್ಟಿ. ನನಗೆ ಸಿಕ್ಕಿದ್ದು ಹೆಸರು, ನಂಬರ್, ಮುಗೀತು. ವೆಂಡರ್ ಕಡೆ ಒಬ್ಬರು ಬರೀ ಬಿಲ್ ಕಳಿಸೋರು, ಇನ್ನೊಬ್ಬರು ರೇಟ್ ಮಾತಾಡೋರು. ನಾನು ಬಿಲ್ ಕಳಿಸೋರ ಹತ್ತಿರ ರೇಟ್ ಬಗ್ಗೆ ಜಗಳ ಆಡ್ತಾ ಇದ್ದೆ, ಪಾಪ ಅವರು "ಕೇಳಿ ಹೇಳ್ತೀನಿ ಮೇಡಂ" ಅಂತ ತಿಂಗಳುಗಟ್ಟಲೆ ಹೇಳ್ತಿದ್ರು. ಯಾವ ವಿಷಯಕ್ಕೆ ಯಾರನ್ನ ಕೇಳಬೇಕು, ಅವರು ಉತ್ತರ ಕೊಡದಿದ್ರೆ ಅವರ ಮೇಲೆ ಯಾರು, ಅದು ಬೇಕು.

ಗುಬ್ಬಿಹೆಜ್ಜೆ

ಪ್ರಿಂಟರ್ ಒಪ್ಪಂದ ಈಗ ತೆಗೆದು ನೋಡಿದೆ. ಮುಗಿಯೋಕೆ 30 ದಿನ ಮೊದಲು ಲಿಖಿತವಾಗಿ ತಿಳಿಸಬೇಕು ಅಂತಿದೆ. ಆ ದಿನ ನಾನು ಬಿಟ್ಟು ಹೋದ ಮುಂದಿನ ವಾರದಲ್ಲೇ ಬರುತ್ತೆ. ನಿಮ್ಮ ಪೋಸ್ಟ್ ಓದದಿದ್ದರೆ ತೆರೆಯುತ್ತಲೇ ಇರಲಿಲ್ಲ. ಮುಂದುವರಿಸಬೇಕಾ ಬೇಡ್ವಾ ಅಂತ ನಿರ್ಧಾರ ಮಾಡಬೇಕಾದವರು ಅಡ್ಮಿನ್‌ನವರು, ಅವರಿಗೆ ಇವತ್ತೇ ಬರೆದೆ.

@ಹಳೇಫೈಲು ಸರ್, ಮೊದಲನೇ ಐಟಂ ಬಗ್ಗೆ ಏನೂ ಹೇಳಲಿಲ್ಲ?

ಹಳೇಫೈಲು

ಹೇಳ್ತೀನಿ, ಮೊದಲು ಅದರ ಕಥೆ ಹೇಳಿ. ಯಾಕೆ ಹೋಲ್ಡ್?

ಗುಬ್ಬಿಹೆಜ್ಜೆ

ಪಿಒ 500 ಬಾಕ್ಸ್‌ಗೆ, ಬಿಲ್ ಕೂಡ 500ಕ್ಕೆ. ಸ್ಟೋರ್ಸ್‌ನವರು ಎಣಿಸಿ ರಸೀದಿ ಹಾಕಿದ್ದು 480ಕ್ಕೆ. ವೆಂಡರ್ ಮೊದಲು 500 ಕಳಿಸಿದ್ದೀವಿ ಅಂತ ವಾದ ಮಾಡಿದ್ರು. ಡೆಲಿವರಿ ಚಲನ್ ಮೇಲೆ ಸ್ಟೋರ್ಸ್‌ನವರು "20 ಕಡಿಮೆ" ಅಂತ ಬರೆದು ಡ್ರೈವರ್ ಸಹಿ ಹಾಕಿಸಿಕೊಂಡಿದ್ರು, ಅದರ ಫೋಟೋ ಕಳಿಸಿದ ಮೇಲೆ ಒಪ್ಪಿಕೊಂಡ್ರು. 20ಕ್ಕೆ ಕ್ರೆಡಿಟ್ ನೋಟ್ ಕೊಡ್ತೀವಿ ಅಂತ 6ನೇ ತಾರೀಖು ಮೇಲ್ ಹಾಕಿದಾರೆ. ಇನ್ನೂ ಬಂದಿಲ್ಲ.

ಹಳೇಫೈಲು

ನೋಡಿ, ನಿಮ್ಮ ತಲೆಯಲ್ಲಿ ಇಷ್ಟು ಸ್ಪಷ್ಟವಾಗಿದೆ. ಮೇಲ್‌ನಲ್ಲಿ ಬಂದದ್ದು "ಫಾಲೋ ಅಪ್ ಮಾಡಬೇಕು". ಹೊಸಬರು ವೆಂಡರ್‌ಗೆ ಫೋನ್ ಮಾಡಿ "ಬಿಲ್ ವಿಷಯ ಏನಾಯ್ತು?" ಅಂತ ಕೇಳ್ತಾರೆ. ಆ ಕಡೆಯವರು "500 ಕಳಿಸಿದ್ದೀವಿ, ಬೇಗ ದುಡ್ಡು ಹಾಕಿ" ಅಂತಾರೆ. ನೀವು ಗೆದ್ದು ಮುಗಿಸಿದ ವಾದ ಮತ್ತೆ ಮೊದಲಿಂದ ಶುರು.

ಇದರಲ್ಲಿ ಇನ್ನೊಂದು ಅಪಾಯ ಇದೆ. ದುಡ್ಡು ಬರದ ಬಿಲ್ಲನ್ನ ವೆಂಡರ್‌ಗಳು ಮತ್ತೆ ಮತ್ತೆ ಕಳಿಸ್ತಾರೆ. ನಿಮ್ಮ ಎಂಟ್ರಿಯಲ್ಲಿ ಬಿಲ್ ನಂಬರ್ `0457` ಅಂತಿದ್ದು, ಹೊಸಬರು ಎರಡನೇ ಪ್ರತಿಯನ್ನ `457` ಅಂತ ಹಾಕಿದರೆ ಎಷ್ಟೋ ಸಿಸ್ಟಮ್‌ಗಳಿಗೆ ಅದು ಬೇರೆ ಬಿಲ್. ಡೂಪ್ಲಿಕೇಟ್ ಅಂತ ತಡೆಯಲ್ಲ. ಹೋಲ್ಡ್‌ನಲ್ಲಿರೋ ಬಿಲ್ ಒಂದು ಕಡೆ ಕೂತೇ ಇರುತ್ತೆ, ಅದರ ಅವಳಿ ಪೇಮೆಂಟ್ ಪಟ್ಟಿಯಲ್ಲಿ ಹೋಗಿಬಿಡುತ್ತೆ. ಪಿಒ ಮತ್ತು ರಸೀದಿಗೆ ಜೋಡಿಸದೆ ಎಂಟ್ರಿ ಬಿಡೋ ಕಡೆ ಇದು ಇನ್ನೂ ಸುಲಭ. ಅದಕ್ಕೇ ಬಿಲ್ ಈಗಾಗಲೇ ಸಿಸ್ಟಮ್‌ನಲ್ಲಿದೆ, ಯಾವ ನಂಬರ್‌ನಲ್ಲಿದೆ ಅಂತ ಬರೆಯಲೇಬೇಕು.

ನಾನಾಗಿದ್ದರೆ ಹೀಗೆ ಬರೀತಿದ್ದೆ:

> ಪ್ಯಾಕಿಂಗ್ ಬಾಕ್ಸ್ ಬಿಲ್ 0457: ವೆಂಡರ್‌ನಿಂದ ಕ್ರೆಡಿಟ್ ನೋಟ್ ಬರಬೇಕು. ಬಿಲ್ 500ಕ್ಕೆ, ಸ್ಟೋರ್ಸ್ ಪಡೆದದ್ದು 480. 20 ಕಡಿಮೆ ಎಂದು ವೆಂಡರ್ 6ನೇ ತಾರೀಖಿನ ಮೇಲ್‌ನಲ್ಲಿ ಒಪ್ಪಿದ್ದಾರೆ. ಆ ಮೇಲ್ ಮತ್ತು ಚಲನ್ ಫೋಟೋ ಟೀಮ್ ಫೋಲ್ಡರ್‌ನಲ್ಲಿವೆ. ಬಿಲ್ ಈಗಾಗಲೇ ಎಂಟ್ರಿ ಆಗಿದೆ, ಮತ್ತೆ ಕಳಿಸಿದರೆ ಎಂಟ್ರಿ ಹಾಕಬೇಡಿ. ಕ್ರೆಡಿಟ್ ನೋಟ್ 18ರೊಳಗೆ ಬರದಿದ್ದರೆ ಪರ್ಚೇಸ್‌ನವರಿಗೆ ಹೇಳಿ, ವೆಂಡರ್ ಜೊತೆ ಅವರು ಮಾತಾಡುತ್ತಾರೆ. ನೋಟ್ ಬಂದ ಮೇಲೆ ಎರಡನ್ನೂ ಹೊಂದಿಸಿ ಹೋಲ್ಡ್ ತೆಗೆಯಿರಿ.

ಚೆಂಡು ಈಗ ಯಾರ ಅಂಗಳದಲ್ಲಿದೆ ಅನ್ನೋದು ಮೊದಲ ವಾಕ್ಯದಲ್ಲೇ ಬಂತು. @ನಾಳೆನೋಡೋಣ ಹೇಳಿದ ಹಾಗೆ ಜನ ಪೂರ್ತಿ ಓದಲ್ಲ, ನಿಜ. ಅದಕ್ಕೇ ಆ ಮೊದಲ ವಾಕ್ಯ. ಉಳಿದದ್ದನ್ನ ಆ ಬಿಲ್ ಕೈಗೆ ಬಂದ ದಿನ ಓದ್ತಾರೆ.

ಬಿಸಿಲುಕುದುರೆ

480ಕ್ಕೆ ದುಡ್ಡು ಹಾಕಿ ಉಳಿದಿದ್ದು ಹಿಡಿದಿಟ್ಟುಕೊಂಡರೆ ಆಗಲ್ವಾ? ವೆಂಡರ್ ಪಾಪ ಎಷ್ಟು ದಿನ ಕಾಯಬೇಕು?

ಹಳೇಫೈಲು

ಕೆಲವು ಕಡೆ ಹಾಗೆ ಮಾಡ್ತಾರೆ, ಕೆಲವು ಕಡೆ ಪೂರ್ತಿ ಹಿಡೀತಾರೆ. ಕಂಪನಿಯ ನಿಯಮ ಏನಿದೆಯೋ ಅದು. ಆದರೆ ಇವರಲ್ಲಿ ಯಾವುದು ಅಂತ ಮೇಲ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಹೊಸಬರು ನಿಮ್ಮ ಹಾಗೇ ಕರುಣೆಯಿಂದ ಅರ್ಧ ಹಾಕ್ತಾರೆ.

ಗುಬ್ಬಿಹೆಜ್ಜೆ

ನಮ್ಮಲ್ಲಿ ಪೂರ್ತಿ ಹಿಡಿಯೋದು. ಸೇರಿಸ್ತೀನಿ.

ಇನ್ನೊಂದು ಪ್ರಶ್ನೆ. ಈ ಮೇಲ್ ಯಾರಿಗೆ ಕಳಿಸೋದು? ನಾನು ಇಡೀ ಫೈನಾನ್ಸ್ ಟೀಮ್, ಪರ್ಚೇಸ್, ಸ್ಟೋರ್ಸ್ ಎಲ್ಲರಿಗೂ ಹಾಕಬೇಕು ಅಂತಿದ್ದೆ.

ಹಳೇಫೈಲು

ಹೊಸಬರಿಗೆ ನೇರವಾಗಿ, ಮ್ಯಾನೇಜರ್‌ಗೆ ಸಿಸಿ. ಅಷ್ಟೇ. ಎಲ್ಲರಿಗೂ ಹೋದರೆ ಅದು ಯಾರ ಕೆಲಸವೂ ಅಲ್ಲ. ಪರ್ಚೇಸ್‌ಗೆ, ಸ್ಟೋರ್ಸ್‌ಗೆ "ಇನ್ನು ಮುಂದೆ ಇವರನ್ನ ಕೇಳಿ" ಅಂತ ಎರಡು ಸಾಲಿನ ಬೇರೆ ಮೇಲ್ ಸಾಕು. ಬಾಕಿ ಪಟ್ಟಿ ಅವರಿಗೆ ಯಾಕೆ?

ಮತ್ತೆ ಶುಕ್ರವಾರದವರೆಗೆ ಕಾಯಬೇಡಿ. ನಾಳೆಯೇ ಕಳಿಸಿ, ಈ ವಾರದ ಪೇಮೆಂಟ್ ಪಟ್ಟಿಯನ್ನ ಅವರ ಕೈಯಲ್ಲೇ ಮಾಡಿಸಿ. ನೀವು ಪಕ್ಕದಲ್ಲಿ ಕೂತಿರಿ, ಮೌಸ್ ಮುಟ್ಟಬೇಡಿ. ಅವರು ಎಲ್ಲಿ ನಿಲ್ತಾರೋ ಅದೇ ನಿಮ್ಮ ಮೇಲ್‌ನಲ್ಲಿ ಬಿಟ್ಟುಹೋದದ್ದು. ಕೊನೇ ದಿನ ಕಳಿಸೋದು ಬದಲಾದದ್ದನ್ನ ಮಾತ್ರ.

ಸರ್ವರ್‌ರೂಮ್

ಇದಕ್ಕೆ ಒಂದು ಸೇರಿಸ್ತೀನಿ. ಇನ್‌ಬಾಕ್ಸ್ ನೋಡಿ ಪಟ್ಟಿ ಮಾಡಿದ್ರೆ ಈಗ ಬಿಸಿ ಇರೋದು ಮಾತ್ರ ಸಿಗುತ್ತೆ. ಕಳಿಸಿದ ಮೇಲ್‌ಗಳನ್ನ, ಕ್ಯಾಲೆಂಡರನ್ನ ಹನ್ನೆರಡು ತಿಂಗಳು ಹಿಂದಕ್ಕೆ ಸರಸರನೆ ನೋಡಿ. ವರ್ಷಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ ಮಾಡೋದು ಅಲ್ಲಿ ಸಿಗುತ್ತೆ. ಪೋರ್ಟಲ್‌ಗಳ ಓಟಿಪಿ ನಿಮ್ಮ ಸ್ವಂತ ಫೋನ್‌ಗೆ ಬರ್ತಿದ್ದರೆ ಅದನ್ನೂ ಈಗಲೇ ಬದಲಿಸಿ. ಅದು ನೀವಿಲ್ಲದೆ ಆಗೋದೇ ಇಲ್ಲ.

ಮಾತಿನಮಲ್ಲಿ

ನಂಬರ್ ಕೊಟ್ಟು ಹೋಗ್ಬೇಕಾ ಬೇಡ್ವಾ, ಅದನ್ನ ಯಾರೂ ಹೇಳಲಿಲ್ಲ. ನಾನಂತೂ ಕೊಡ್ತೀನಿ. ಒಂದು ಫೋನ್‌ನಲ್ಲಿ ಮುಗಿಯೋದಕ್ಕೆ ಹೊಸಬರನ್ನ ಯಾಕೆ ಪರದಾಡಿಸೋದು?

ನಾಳೆನೋಡೋಣ

ಕೊಟ್ಟರೆ ಮುಗೀತು. ಹೊಸ ಕಂಪನಿಯಲ್ಲಿ ಕೂತುಕೊಂಡು ಹಳೇ ಕಂಪನಿ ಕೆಲಸ ಮಾಡೋದು. ಕೊಡಬೇಡಿ.

ಹಳೇಫೈಲು

ಇದರಲ್ಲಿ ನಾನು ಇಬ್ಬರ ಮಧ್ಯೆ. ಮ್ಯಾನೇಜರ್‌ಗೆ ಕೊಡಿ, ಮೇಲ್‌ನಲ್ಲಿ ಬರೀಬೇಡಿ. ಆದರೆ ಒಂದು ಮಾತು, ಹೋದಮೇಲೆ ಯಾರಾದರೂ ಫೋನ್ ಮಾಡಿ "ಆ ಖಾತೆ ಸರಿ ಇದೆಯಾ, ದುಡ್ಡು ಹಾಕಲಾ?" ಅಂತ ಕೇಳಿದರೆ ಹೂಂ ಅನ್ನಬೇಡಿ. ಫೈಲ್ ಎಲ್ಲಿದೆ ಅಂತ ಹೇಳಬಹುದು, ಒಪ್ಪಿಗೆ ಕೊಡೋ ಅಧಿಕಾರ ನಿಮಗಿರಲ್ಲ.

ಸರ್ವರ್‌ರೂಮ್

ಆಟೋ ರಿಪ್ಲೈ ಬಗ್ಗೆ ನನಗೂ ಹಳೇಫೈಲು ಅವರಿಗೂ ಜಗಳ ಆಗಬಹುದು. "ನಾನು ಕೆಲಸ ಬಿಟ್ಟಿದ್ದೇನೆ, ಪೇಮೆಂಟ್‌ಗೆ ಇಂಥವರನ್ನ ಸಂಪರ್ಕಿಸಿ" ಅಂತ ಹೊರಗಿನವರಿಗೆಲ್ಲ ಹೋಗೋ ಹಾಗೆ ಇಟ್ಟರೆ, ಹೊಸಬರು ಯಾರು ಅಂತ ವಂಚಕರಿಗೂ ಗೊತ್ತಾಗುತ್ತೆ. ನಾನು ಹೇಳೋದು ಪೇಮೆಂಟ್ ಟೀಮ್‌ನ ಸಾಮಾನ್ಯ ಐಡಿ ಮಾತ್ರ ಕೊಡಿ, ಹೆಸರು ಬೇಡ.

ಹಳೇಫೈಲು

ಜಗಳ ಏನಿಲ್ಲ, ಆದರೆ ಪೂರ್ತಿ ಒಪ್ಪಲ್ಲ. ಹಳೇ ವೆಂಡರ್‌ಗಳಿಗೆ ಒಂದು ಹೆಸರು ಬೇಕು. ಸಾಮಾನ್ಯ ಐಡಿಗೆ ಬರೆದರೆ ಬಾವಿಗೆ ಕಲ್ಲು ಹಾಕಿದ ಹಾಗೆ ಅಂತ ಅವರು ಮ್ಯಾನೇಜರ್‌ಗೇ ಫೋನ್ ಮಾಡೋಕೆ ಶುರುಮಾಡ್ತಾರೆ. ಗೊತ್ತಿರೋ ವೆಂಡರ್‌ಗಳಿಗೆ ನೀವೇ ಬರೆದು ಹೊಸಬರನ್ನ ಪರಿಚಯಿಸಿ, ಆಟೋ ರಿಪ್ಲೈ ಹೇಗಾದರೂ ಇರಲಿ.

ಗುಬ್ಬಿಹೆಜ್ಜೆ

ಅಪ್‌ಡೇಟ್. ಸಾಗಣೆ ವೆಂಡರ್‌ಗೆ ಹಳೇ ನಂಬರ್‌ನಲ್ಲಿ ಫೋನ್ ಮಾಡಿದೆ. ಎತ್ತಿದವರಿಗೆ ಖಾತೆ ಬದಲಾವಣೆ ಬಗ್ಗೆ ಏನೂ ಗೊತ್ತಿಲ್ಲ, ಮಾಲೀಕರು ಊರಲ್ಲಿಲ್ಲ, ಬಂದಮೇಲೆ ಕೇಳಿ ಹೇಳ್ತೀವಿ ಅಂದ್ರು. ಅಂದರೆ ಮೋಸವೂ ಇರಬಹುದು, ಅವರೊಳಗೇ ಮಾತಾಡದೇ ಇರಬಹುದು. ಮೇಲ್‌ನಲ್ಲಿ ಈಗ ಹೀಗಿದೆ:

> ಸಾಗಣೆ ವೆಂಡರ್ ಬ್ಯಾಂಕ್ ಖಾತೆ: ಪರಿಶೀಲನೆ ಆಗಿಲ್ಲ, ಬದಲಾಯಿಸಬೇಡಿ. ಇವತ್ತು ಹಳೆಯ ನಂಬರ್‌ಗೆ ಕರೆ ಮಾಡಿದೆ, ಕಚೇರಿಯವರಿಗೆ ಈ ಕೋರಿಕೆಯ ಬಗ್ಗೆ ಗೊತ್ತಿಲ್ಲ. ಮಾಲೀಕರಿಂದ ಉತ್ತರ ಬರಬೇಕು. ಸೋಮವಾರದೊಳಗೆ ಬರದಿದ್ದರೆ ಅದೇ ನಂಬರ್‌ಗೆ ಮತ್ತೆ ಕರೆ ಮಾಡಿ. 21ರ ಪೇಮೆಂಟ್ ಬಗ್ಗೆ ಮ್ಯಾನೇಜರ್ ನಿರ್ಧರಿಸಬೇಕು, ಕೇಳಿದ್ದೇನೆ.

ಹಳೇಫೈಲು

ಸರಿಯಾಗಿದೆ. ಆ ಮೂಲ ಮೇಲನ್ನ ಅಳಿಸದೆ ಹಾಗೇ ಐಟಿಯವರಿಗೂ ತೋರಿಸಿ. ಮ್ಯಾನೇಜರ್ ಏನಂದ್ರು?

ಗುಬ್ಬಿಹೆಜ್ಜೆ

ಇನ್ನೂ ಉತ್ತರ ಬಂದಿಲ್ಲ ಸರ್. ನಾಳೆ ಪಟ್ಟಿ ಮಾಡೋಕೆ ಕೂತಾಗ ಎದುರಿಗೇ ಕೇಳ್ತೀನಿ.